ಯಾವ ಪ್ಲ್ಯಾನ್ ಯಾರಿಗೆ?

2019ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ತಿಂಗಳಿಗೆ 199 ರೂಪಾಯಿಯ ಹೊಸ ಪ್ಲ್ಯಾನ್ ತಂದಿತು. ಅದರ ಹೆಸರು ‘ಮೊಬೈಲ್’. ಫೋನ್ ಅಥವಾ ಟ್ಯಾಬ್‌ನಲ್ಲಿ ಮಾತ್ರ, ಒಮ್ಮೆಗೆ ಒಂದೇ ಪರದೆಯಲ್ಲಿ ನೋಡಬಹುದು. ಹೆಸರು ಓದಿದ ಕೂಡಲೇ ಟಿವಿಯಲ್ಲಿ ನೋಡುವವರಿಗೆ ಇದು ತಮಗಲ್ಲ ಎಂದು ಗೊತ್ತಾಗುತ್ತದೆ. ಪಕ್ಕದಲ್ಲೇ ಇದ್ದ ‘ಸ್ಟ್ಯಾಂಡರ್ಡ್’, ‘ಪ್ರೀಮಿಯಂ’ ಹೆಸರುಗಳು ಯಾವುದು ದುಬಾರಿ ಎಂದಷ್ಟೇ ಹೇಳುತ್ತವೆ. ಎಷ್ಟು ಪರದೆ, ಎಂಥ ಚಿತ್ರ ಎಂದು ತಿಳಿಯಲು ಕೆಳಗೆ ಓದಲೇಬೇಕು.

ಬೆಂಗಳೂರಿನ ಟ್ಯಾಲಿ ಕಂಪನಿಯ ಲೆಕ್ಕಪತ್ರ ಸಾಫ್ಟ್‌ವೇರ್‌ನಲ್ಲಿ ‘ಸಿಲ್ವರ್’, ‘ಗೋಲ್ಡ್’ ಎಂಬ ಹೆಸರುಗಳಿವೆ. ಒಬ್ಬರು ಬಳಸುವುದಾದರೆ ಸಿಲ್ವರ್, ಕಚೇರಿಯ ನೆಟ್‌ವರ್ಕ್‌ನಲ್ಲಿ ಹಲವರು ಒಟ್ಟಿಗೆ ಬಳಸುವುದಾದರೆ ಗೋಲ್ಡ್. ವರ್ಷಗಟ್ಟಲೆ ಬಳಕೆಯಿಂದ ಅಕೌಂಟೆಂಟ್‌ಗಳಿಗೆ ಇದು ಬಾಯಿಪಾಠವಾಗಿದೆ. ಹೊಸದಾಗಿ ಮಾರುಕಟ್ಟೆಗೆ ಬಂದ ಸಾಫ್ಟ್‌ವೇರ್‌ಗೆ ಆ ಅನುಕೂಲವಿಲ್ಲ. ಅಂಥವರು ಬೆಳ್ಳಿ-ಬಂಗಾರದ ಹೆಸರು ಇಟ್ಟುಕೊಂಡರೆ ಗ್ರಾಹಕ ಕಾಣುವುದು ಲೋಹವನ್ನೇ ಹೊರತು ತನ್ನ ಅಂಗಡಿಯನ್ನಲ್ಲ.

ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಒಂದು ಕಂಪನಿಯನ್ನು ಊಹಿಸಿಕೊಳ್ಳಿ. ಅದರದು ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂಬ ಮೂರು ಪ್ಲ್ಯಾನ್. ಕೆಳಗೆ ಇಪ್ಪತ್ತು ಸಾಲಿನ ಕೋಷ್ಟಕ, ತುಂಬ ಹಸಿರು ಟಿಕ್ ಗುರುತು. ಆ ಸಾಲುಗಳಲ್ಲಿ ಹೆಚ್ಚಿನವು ಮೂರಕ್ಕೂ ಒಂದೇ. ನಿಜವಾದ ವ್ಯತ್ಯಾಸ ಒಂದೇ ಕಡೆ ಇದೆ: ಎಷ್ಟು ಕಂಪ್ಯೂಟರ್‌ನಲ್ಲಿ, ಎಷ್ಟು ಅಂಗಡಿಯಲ್ಲಿ ಬಿಲ್ ಹಾಕಬಹುದು ಎಂಬಲ್ಲಿ. ಹಾಗಿದ್ದರೆ ಅದನ್ನೇ ಹೆಸರಾಗಿಸಬೇಕು: ‘ಒಂದು ಕೌಂಟರ್’, ‘ಹಲವು ಕೌಂಟರ್’, ‘ಹಲವು ಅಂಗಡಿ’. ಅಂಗಡಿಯವನಿಗೆ ತನ್ನ ಕೌಂಟರ್ ಎಷ್ಟೆಂದು ಗೊತ್ತೇ ಇರುತ್ತದೆ. ಅವನು ಹುಡುಕಬೇಕಾದ್ದು ಏನೂ ಉಳಿಯುವುದಿಲ್ಲ.

ಮೂರಕ್ಕೂ ಸಮಾನವಾದದ್ದನ್ನು ಮೇಲೆ ಒಂದೇ ಸಲ ಹೇಳಿಬಿಡಬೇಕು: ಜಿಎಸ್‌ಟಿ ಬಿಲ್, ದಾಸ್ತಾನು ಲೆಕ್ಕ, ಗ್ರಾಹಕರ ಬಾಕಿ. ಆಮೇಲೆ ಪ್ರತಿ ಪೆಟ್ಟಿಗೆಯಲ್ಲಿ ಹೆಸರು, ಯಾರಿಗೆ ಎಂಬ ಒಂದು ಸಾಲು, ಬೆಲೆ, ಹಿಂದಿನ ಪ್ಲ್ಯಾನ್‌ಗಿಂತ ಹೆಚ್ಚೇನು ಎಂಬುದು, ಕೊನೆಗೆ ಮಿತಿ. ಈ ಮಿತಿಯನ್ನೇ ಬಹಳ ಕಂಪನಿಗಳು ಮುಚ್ಚಿಡುತ್ತವೆ. ‘ಎರಡನೇ ಕಂಪ್ಯೂಟರ್‌ನಲ್ಲಿ ಬಿಲ್ ಹಾಕಲು ಆಗುವುದಿಲ್ಲ, ಬೇಕೆಂದಾಗ ಉಳಿದ ದಿನಗಳ ವ್ಯತ್ಯಾಸದ ಹಣ ಕಟ್ಟಿ ಮುಂದಿನ ಪ್ಲ್ಯಾನ್‌ಗೆ ಹೋಗಬಹುದು’ ಎಂದು ಬರೆದರೆ, ಚಿಕ್ಕ ಪ್ಲ್ಯಾನ್ ತೆಗೆದುಕೊಳ್ಳಲು ಇರುವ ಅಳುಕು ಹೋಗುತ್ತದೆ.

ಫೋನಿನಲ್ಲಿ ಈ ಪೆಟ್ಟಿಗೆಗಳು ಅಕ್ಕಪಕ್ಕ ಇರುವುದಿಲ್ಲ, ಒಂದರ ಕೆಳಗೊಂದು ಬರುತ್ತವೆ. ಮೂರನೆಯದನ್ನು ಓದುವಾಗ ಮೊದಲನೆಯದು ಮೇಲೆ ಸರಿದುಹೋಗಿರುತ್ತದೆ. ಆದ್ದರಿಂದ ‘ಮೇಲಿನದೆಲ್ಲ ಸೇರಿ’ ಎನ್ನುವ ಬದಲು ‘ಹಲವು ಕೌಂಟರ್ ಪ್ಲ್ಯಾನ್‌ನಲ್ಲಿರುವುದೆಲ್ಲ, ಜೊತೆಗೆ ಎಲ್ಲ ಅಂಗಡಿಗಳ ದಾಸ್ತಾನು ಒಂದೇ ಕಡೆ’ ಎಂದು ಹೆಸರು ಹಿಡಿದೇ ಬರೆಯಬೇಕು.

ಬೆಲೆಯಲ್ಲೂ ಇದೇ ಸ್ಪಷ್ಟತೆ ಬೇಕು. ‘ತಿಂಗಳಿಗೆ 400 ರೂಪಾಯಿ’ ಎಂದು ದೊಡ್ಡದಾಗಿ ಹಾಕಿ, ‘ವಾರ್ಷಿಕ ಪಾವತಿ’ ಎಂದು ಸಣ್ಣಕ್ಷರದಲ್ಲಿ ಬರೆದರೆ ಅಂಗಡಿಯವನು 400 ಇಟ್ಟುಕೊಂಡು ಬರುತ್ತಾನೆ. ಕೇಳುವುದೋ 4,800. ಮೇಲೆ ಶೇ 18ರ ಜಿಎಸ್‌ಟಿ 864 ಸೇರಿ 5,664. ಈ ಕೊನೆಯ ಮೊತ್ತವನ್ನು ಪೆಟ್ಟಿಗೆಯಲ್ಲೇ ತೋರಿಸುವುದು ನ್ಯಾಯ. ಬೆಲೆಯ ಒಂದು ಭಾಗವನ್ನು ಮುಂಚೆ ಹೇಳದೆ ಕೊನೆಗೆ ಸೇರಿಸುವುದನ್ನು ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಸಾಲಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ಸೇರಿಸಿದೆ.

ಗಾತ್ರದ ಹೆಸರುಗಳು ಎಡವುವ ಜಾಗವೂ ಇದೆ. ಒಂದೇ ಕೌಂಟರಿನ ಸಗಟು ವ್ಯಾಪಾರಿಯ ವಾರ್ಷಿಕ ವಹಿವಾಟು 5 ಕೋಟಿ ದಾಟಿರಬಹುದು. ಆಗ ಬೇರೆ ವ್ಯಾಪಾರಿಗಳಿಗೆ ಮಾಡುವ ಬಿಲ್‌ಗೆ ಇ-ಇನ್‌ವಾಯ್ಸ್ ಕಡ್ಡಾಯ. ಕಂಪನಿ ಅದನ್ನು ‘ಹಲವು ಅಂಗಡಿ’ಯಲ್ಲಿ ಮಾತ್ರ ಕೊಟ್ಟಿದ್ದರೆ ಹೆಸರು ಅವನನ್ನು ತಪ್ಪು ಪೆಟ್ಟಿಗೆಗೆ ಕಳಿಸುತ್ತದೆ. ಕೊಂಡ ಮೇಲೆ ಅವನು ಫೋನ್ ಮಾಡಿ ಜಗಳವಾಡುವುದು ಖಚಿತ. ಇಲ್ಲಿ ಹೆಸರು ಬದಲಿಸಿ ಫಲವಿಲ್ಲ. ಇ-ಇನ್‌ವಾಯ್ಸನ್ನು ಎಲ್ಲ ಪ್ಲ್ಯಾನ್‌ಗೂ ಸೇರಿಸಬೇಕು, ಇಲ್ಲವೇ ಯಾವ ಪ್ಲ್ಯಾನ್ ಜೊತೆಗಾದರೂ ಕೊಳ್ಳಬಹುದಾದ ಪ್ರತ್ಯೇಕ ಸೌಲಭ್ಯವಾಗಿ, ಅದರ ಬೆಲೆಯೊಂದಿಗೆ ಕೆಳಗೆ ಇಡಬೇಕು.

ಪುಟ ಸರಿಯಾಗಿದೆಯೇ ಎಂದು ನೋಡಲು ಸಾಫ್ಟ್‌ವೇರ್ ಬಗ್ಗೆ ಏನೂ ಗೊತ್ತಿಲ್ಲದ ಅಂಗಡಿಯವರನ್ನು ಕರೆಯಬೇಕು. ಬೆಲೆ ಮುಚ್ಚಿ, ‘ನಿಮಗೆ ಯಾವುದು? ಯಾಕೆ?’ ಎಂದು ಕೇಳಬೇಕು. ಬೆಲೆ ಕಂಡರೆ ಅನೇಕರು ನಡುವಿನದನ್ನು ಆರಿಸಿ ಸುಮ್ಮನಾಗುತ್ತಾರೆ, ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ. ‘ನನ್ನದು ಎರಡು ಕೌಂಟರ್, ಅದಕ್ಕೆ ಇದು’ ಎಂದರೆ ಹೆಸರು ಕೆಲಸ ಮಾಡಿದೆ. ‘ಇದು ಚೆನ್ನಾಗಿರಬಹುದು’ ಎಂದರೆ, ಅವರು ಎಲ್ಲಿಯವರೆಗೆ ಓದಿ ನಿಂತರು ಎಂದು ಕೇಳಿ ಆ ಸಾಲನ್ನು ಮತ್ತೆ ಬರೆಯಬೇಕು.