ಮನೆಯಲ್ಲಿ ನಾಲ್ಕು, ಲೆಕ್ಕದಲ್ಲಿ ಐದು

ಓಟಿಟಿ ಸೇವೆಗೆ ಹೊಸ ಫೋನಿನಿಂದ ಲಾಗಿನ್ ಆಗಲು ಹೋದಾಗ "Device limit reached" ಎಂದು ಬಂದರೆ, ಆ ಖಾತೆಗೆ ಕೊಟ್ಟಿರುವ ಸಾಧನಗಳ ಜಾಗವೆಲ್ಲ ಭರ್ತಿಯಾಗಿದೆ ಎಂದರ್ಥ. ಮನೆಮಂದಿ ತಮ್ಮ ಟಿವಿ, ಫೋನುಗಳನ್ನು ಎಣಿಸಿ ನೋಡಿ, ಅಷ್ಟು ಸಾಧನಗಳೇ ಇಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುವುದುಂಟು. ಅವರ ಎಣಿಕೆ ಸರಿಯಾಗಿಯೇ ಇರುತ್ತದೆ. ಸರ್ವರ್ ಮಾತ್ರ ವಸ್ತುಗಳನ್ನು ಎಣಿಸುವುದಿಲ್ಲ, ತನ್ನ ದಾಖಲೆಯಲ್ಲಿರುವ ಲಾಗಿನ್‌ಗಳನ್ನು ಎಣಿಸುತ್ತದೆ.

ಮಿತಿಗಳಲ್ಲಿ ಎರಡು ಬಗೆ. ಒಂದೇ ಹೊತ್ತಿಗೆ ಎಷ್ಟು ಕಡೆ ವಿಡಿಯೊ ಓಡಬಹುದು ಎಂಬುದು ಒಂದು. ನೆಟ್‌ಫ್ಲಿಕ್ಸ್‌ನ ಸ್ಟ್ಯಾಂಡರ್ಡ್ ಪ್ಲಾನ್‌ನಲ್ಲಿ 2, ಪ್ರೀಮಿಯಂನಲ್ಲಿ 4. ಖಾತೆಯಲ್ಲಿ ಒಟ್ಟು ಎಷ್ಟು ಸಾಧನ ಲಾಗಿನ್ ಆಗಿರಬಹುದು ಎಂಬುದು ಇನ್ನೊಂದು. ಈ ಎರಡನೆಯದರಲ್ಲಿ ಯಾರೂ ಏನೂ ನೋಡದೆ ಸುಮ್ಮನಿದ್ದರೂ ಜಾಗ ಹಿಡಿದೇ ಇರುತ್ತದೆ.

ಲಾಗಿನ್ ಆದಾಗ ಸರ್ವರ್ ಆ ಆ್ಯಪ್‌ಗೆ ಎರಡು ಟೋಕನ್ ಕೊಡುತ್ತದೆ. ಟೋಕನ್ ಎಂದರೆ ಪಾಸ್‌ವರ್ಡ್ ಮತ್ತೆ ಮತ್ತೆ ಕೇಳದಿರಲೆಂದು ಕೊಡುವ ಒಂದು ಚೀಟಿ. ಆ್ಯಕ್ಸೆಸ್ ಟೋಕನ್‌ನ ಆಯಸ್ಸು ಚಿಕ್ಕದು. ರಿಫ್ರೆಶ್ ಟೋಕನ್ ವಾರಗಟ್ಟಲೆ, ತಿಂಗಳುಗಟ್ಟಲೆ ಬಾಳುತ್ತದೆ; ಮೊದಲನೆಯದು ಮುಗಿದಾಗ ಹೊಸದನ್ನು ಪಡೆಯಲು ಅದನ್ನು ತೋರಿಸಬೇಕು. ಆ್ಯಕ್ಸೆಸ್ ಟೋಕನ್‌ನ ಒಳಗೆ ಸಾಮಾನ್ಯವಾಗಿ ಇಂಥ ವಿವರಗಳಿರುತ್ತವೆ:

```
{
  "sub": "u48213",
  "device_id": "d-7f3a",
  "iat": 1735743600,
  "exp": 1735747200
}
```

`iat` ಎಂದರೆ ಕೊಟ್ಟ ಹೊತ್ತು, `exp` ಎಂದರೆ ಮುಗಿಯುವ ಹೊತ್ತು, ಎರಡೂ ಸೆಕೆಂಡುಗಳಲ್ಲಿ. ಕಳೆದರೆ 3600 ಉಳಿಯುತ್ತದೆ: 2025ರ ಜನವರಿ 1ರ ರಾತ್ರಿ 8.30ಕ್ಕೆ ಕೊಟ್ಟ ಈ ಚೀಟಿ 9.30ರವರೆಗೆ ನಡೆಯುತ್ತದೆ. ಗಮನಿಸಬೇಕಾದ ಸಾಲು `device_id`. ಎಷ್ಟೋ ಆ್ಯಪ್‌ಗಳು ಈ ಗುರುತನ್ನು ಮೊದಲ ಸಲ ತೆರೆದಾಗ ತಾವೇ ಸೃಷ್ಟಿಸಿಕೊಂಡು ತಮ್ಮ ಡೇಟಾದಲ್ಲಿ ಇಟ್ಟುಕೊಳ್ಳುತ್ತವೆ. ಬ್ರೌಸರ್‌ನಲ್ಲಾದರೆ ಅದು ಕುಕಿಯಲ್ಲಿರುತ್ತದೆ. ಆ್ಯಪ್ ತೆಗೆದುಹಾಕಿದರೆ, ಕುಕಿ ಅಳಿಸಿದರೆ ಗುರುತು ಹೋಯಿತು. ಹೋಯಿತೆಂಬ ಸುದ್ದಿ ಸರ್ವರ್‌ಗೆ ಮುಟ್ಟುವುದಿಲ್ಲ, ಏಕೆಂದರೆ ಹೇಳಬೇಕಾದ ಆ್ಯಪ್ಪೇ ಅಲ್ಲಿಲ್ಲ.

ಐದು ಸಾಧನಗಳ ಮಿತಿ ಇರುವ ಒಂದು ಖಾತೆಯನ್ನು ತೆಗೆದುಕೊಳ್ಳೋಣ. ಮನೆಯಲ್ಲಿರುವುದು ನಾಲ್ಕೇ: ಹಾಲ್‌ನ ಟಿವಿ, ತಾಯಿಯ ಫೋನು, ಮಗನ ಫೋನು, ಮಗಳ ಲ್ಯಾಪ್‌ಟಾಪ್. ಮಗನ ಫೋನಿನಲ್ಲಿ ಜಾಗ ಸಾಲದೆ ಆ್ಯಪ್ ತೆಗೆದುಹಾಕಿ, ತಿಂಗಳ ಬಳಿಕ ಮತ್ತೆ ಹಾಕಿಕೊಂಡಿದ್ದಾನೆ. ಅವನ ಒಂದು ಫೋನು ಲೆಕ್ಕದಲ್ಲಿ ಎರಡಾಯಿತು, ಒಟ್ಟು ಐದು. ಈಗ ತಂದೆ ಹೊಸ ಫೋನಿನಿಂದ ಲಾಗಿನ್ ಆಗಲು ಹೋದರೆ ಅದು ಆರನೆಯದು, ಬಾಗಿಲು ಮುಚ್ಚಿದೆ. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಸಾಧನಗಳ ಪಟ್ಟಿ ತೆರೆದರೆ ಒಂದೇ ಮಾಡೆಲ್‌ನ ಹೆಸರು ಎರಡು ಸಾಲಿನಲ್ಲಿ ಕಾಣುತ್ತದೆ. ಕೊನೆಯದಾಗಿ ಬಳಸಿದ ದಿನ ಯಾವುದರಲ್ಲಿ ಹಳೆಯದೋ ಆ ಸಾಲು ಸತ್ತ ಲಾಗಿನ್. ಅದೊಂದನ್ನು ಸೈನ್ ಔಟ್ ಮಾಡಿದರೆ ಸಾಕು. ಮಾರಿದ ಟಿವಿ ಆ ಪಟ್ಟಿಯಲ್ಲಿದ್ದರೆ ಮಾತ್ರ ತಡಮಾಡಬಾರದು: ಅದು ಜಾಗ ಹಿಡಿದಿರುವುದಷ್ಟೇ ಅಲ್ಲ, ಕೊಂಡವರ ಮನೆಯಲ್ಲಿ ಖಾತೆ ತೆರೆದೇ ಇರುತ್ತದೆ.

ಸೈನ್ ಔಟ್ ಒತ್ತಿದ ಮೇಲೂ ಆ ಟಿವಿಯಲ್ಲಿ ಸಿನಿಮಾ ಸ್ವಲ್ಪ ಹೊತ್ತು ಓಡುತ್ತಲೇ ಇರಬಹುದು. ರದ್ದಾಗುವುದು ರಿಫ್ರೆಶ್ ಟೋಕನ್. ಕೈಯಲ್ಲಿರುವ ಆ್ಯಕ್ಸೆಸ್ ಟೋಕನ್ ಮೇಲೆ ಸರ್ವರ್‌ನದೇ ಸಹಿ ಇರುವುದರಿಂದ, ಹಲವು ಸೇವೆಗಳು ಪ್ರತಿ ಸಲ ದಾಖಲೆ ತೆಗೆದು ನೋಡದೆ ಸಹಿ ಮತ್ತು `exp` ನೋಡಿ ಬಿಟ್ಟುಬಿಡುತ್ತವೆ. ಮೇಲಿನ ಚೀಟಿಯನ್ನು 8.50ಕ್ಕೆ ರದ್ದು ಮಾಡಿದರೂ 9.30ರವರೆಗೆ ಅದು ನಡೆಯಬಹುದು. ಆದ್ದರಿಂದ ಒಂದು ಗಂಟೆ ಬಿಟ್ಟು ನೋಡದೆ, ಸೈನ್ ಔಟ್ ಕೆಲಸ ಮಾಡಲಿಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ.

ಏಕಕಾಲದ ಮಿತಿಯ ಲೆಕ್ಕ ಬೇರೆ ರೀತಿಯದು. ವಿಡಿಯೊ ಶುರುವಾದಾಗ ಸರ್ವರ್ ಒಂದು ಸೆಷನ್ ತೆರೆಯುತ್ತದೆ. ಪ್ಲೇಯರ್ ಆಗಾಗ "ಇನ್ನೂ ಓಡುತ್ತಿದೆ" ಎಂದು ಸಣ್ಣ ಸಂದೇಶ ಕಳಿಸುತ್ತಿರುತ್ತದೆ. ಇದಕ್ಕೆ ಹಾರ್ಟ್‌ಬೀಟ್ ಎನ್ನುತ್ತಾರೆ. ಬ್ಯಾಕ್ ಒತ್ತಿ ಹೊರಬಂದರೆ "ನಿಂತಿತು" ಎಂಬ ಸಂದೇಶ ಹೋಗಿ ಜಾಗ ತೆರವಾಗುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಅಥವಾ ಕರೆಂಟು ಹೋದರೆ ಆ ಸಂದೇಶ ಹೋಗುವುದೇ ಇಲ್ಲ. ನೆಟ್‌ವರ್ಕ್ ಸಿಗದೆ ಸಂದೇಶ ತಡವಾಗಿರಬಹುದೆಂದು ಸರ್ವರ್ ಕೆಲವು ನಿಮಿಷ ಕಾಯುತ್ತದೆ, ಅಷ್ಟು ಹೊತ್ತೂ ಆರಿದ ಟಿವಿ ನೋಡುತ್ತಿರುವವರ ಲೆಕ್ಕದಲ್ಲೇ ಇರುತ್ತದೆ. ಈ ಬಗೆಯ ತಡೆ ಕಾದರೆ ತಾನಾಗಿ ಹೋಗುತ್ತದೆ. ಅರ್ಧ ಗಂಟೆ ಕಳೆದರೂ ಹೋಗದಿದ್ದರೆ ಬೇರೆ ಯಾರೋ ನಿಜವಾಗಿಯೂ ನೋಡುತ್ತಿದ್ದಾರೆ, ಇಲ್ಲವೇ ತುಂಬಿರುವುದು ಲಾಗಿನ್ ಪಟ್ಟಿ.