ಜನ ಪುಟ ಬಿಟ್ಟು ಹೋದರು ಎಂದರೆ ಅದು ಅವರಿಗೆ ಹಿಡಿಸಲಿಲ್ಲ ಎಂದೇ?

‘ನಮ್ಮ ವೆಬ್‌ಸೈಟನ್ನು ಈ ತಿಂಗಳು ಸಾವಿರ ಜನ ನೋಡಿದ್ದಾರೆ’ ಎಂಬ ಸ್ಕ್ರೀನ್‌ಶಾಟ್ ಯಾವುದಾದರೂ ಗ್ರೂಪಿನಲ್ಲಿ ನಿಮಗೂ ಬಂದಿರಬಹುದು. ಹೆಚ್ಚಿನ ಸಲ ಅದು ಜನರ ಲೆಕ್ಕ ಆಗಿರುವುದಿಲ್ಲ, ಪುಟಗಳು ತೆರೆದ ಲೆಕ್ಕ ಆಗಿರುತ್ತದೆ. ಒಬ್ಬರೇ ನಾಲ್ಕು ಪುಟ ತೆರೆದರೆ ನಾಲ್ಕು ಎಂದು ದಾಖಲಾಗುತ್ತದೆ. ಅದೇ ವ್ಯಕ್ತಿ ಬೆಳಿಗ್ಗೆ ಫೋನಿನಲ್ಲಿ, ಮಧ್ಯಾಹ್ನ ಆಫೀಸಿನ ಕಂಪ್ಯೂಟರಿನಲ್ಲಿ ನೋಡಿದರೆ ಸಾಮಾನ್ಯವಾಗಿ ಇಬ್ಬರು ಎಂದೇ ಲೆಕ್ಕ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಮಲೆನಾಡಿನಲ್ಲಿ ಒಂದು ಸಣ್ಣ ಹೋಮ್‌ಸ್ಟೇ ಇದೆ, ಅದರ ವೆಬ್‌ಸೈಟಿನಲ್ಲಿ ನಾಲ್ಕೇ ಪುಟಗಳಿವೆ ಅಂದುಕೊಳ್ಳಿ. ತಿಂಗಳಲ್ಲಿ ಮುಖಪುಟ 400 ಸಲ, ಕೊಠಡಿ ದರದ ಪುಟ 300 ಸಲ, ಬರುವ ದಾರಿಯ ಪುಟ 200 ಸಲ, ಫೋನ್ ನಂಬರ್ ಇರುವ ಪುಟ 100 ಸಲ ತೆರೆದಿವೆ. ಒಟ್ಟು ಸಾವಿರ. ಆದರೆ ಭೇಟಿಗಳು 500 ಮಾತ್ರ.

ಪ್ರತಿ ಭೇಟಿಯೂ ಯಾವುದೋ ಒಂದು ಪುಟದಲ್ಲಿ ಮುಗಿಯಲೇಬೇಕಲ್ಲ? ಆ 500 ಭೇಟಿಗಳಲ್ಲಿ 120 ಮುಖಪುಟದಲ್ಲಿ, 210 ದರದ ಪುಟದಲ್ಲಿ, 90 ದಾರಿಯ ಪುಟದಲ್ಲಿ, 80 ಫೋನ್ ನಂಬರ್ ಪುಟದಲ್ಲಿ ಮುಗಿದವು. ಹೀಗೆ ಮುಗಿದದ್ದನ್ನು ಆ ಪುಟ ತೆರೆದ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದೇ ನಿರ್ಗಮನ ದರ. ಫೋನ್ ನಂಬರ್ ಪುಟದ್ದು ಶೇ. 80, ಎಲ್ಲಕ್ಕಿಂತ ಹೆಚ್ಚು. ಹಾಗಾದರೆ ಅದೇ ಕೆಟ್ಟ ಪುಟವೇ? ಅಲ್ಲ. ನಂಬರ್ ಸಿಕ್ಕಿತು, ಜನ ಫೋನ್ ಮಾಡಲು ಹೋದರು. ಬಹುಶಃ ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಯೋಚಿಸಬೇಕಾದದ್ದು ದರದ ಪುಟದ ಬಗ್ಗೆ. ಅಲ್ಲಿ ಶೇ. 70 ಇದೆ, ಆದರೆ ಅದು ದಾರಿಯ ನಡುವಿನ ಪುಟ. ದರ ನೋಡಿದವರು ಮುಂದೆ ನಂಬರ್ ಹುಡುಕಬೇಕಿತ್ತು. ದರವೇ ದುಬಾರಿ ಎನ್ನಿಸಿತೇ? ಇರಬಹುದು. ಆ ತೀರ್ಮಾನಕ್ಕೆ ಬರುವ ಮೊದಲು ಅದೇ ಅಂಕಿಯನ್ನು ಫೋನ್ ಮತ್ತು ಕಂಪ್ಯೂಟರ್ ಎಂದು ಬೇರೆ ಮಾಡಿ ನೋಡಬೇಕು. ಫೋನಿನಲ್ಲಿ 250 ಸಲ ತೆರೆದು 190 ಸಲ ಅಲ್ಲೇ ಮುಗಿದಿದೆ, ಅಂದರೆ ಶೇ. 76. ಕಂಪ್ಯೂಟರಿನಲ್ಲಿ 50ರಲ್ಲಿ 20, ಶೇ. 40. ದರ ಎರಡರಲ್ಲೂ ಒಂದೇ, ಹಾಗಾಗಿ ಅನುಮಾನ ಪುಟದ ಮೇಲೇ ಬರುತ್ತದೆ. ಈಗ ಮಾಲೀಕರು ತಮ್ಮ ಫೋನಿನಲ್ಲಿ ಆ ಪುಟ ತೆರೆದು ನೋಡಲಿ: ಅಗಲವಾದ ದರಪಟ್ಟಿಯ ಬಲಭಾಗ ಪರದೆಯ ಆಚೆ ಹೋಗಿದೆ, ಬೆಲೆಯ ಸಾಲು ಕಾಣುತ್ತಲೇ ಇಲ್ಲ! ಅಂಕಿಸಂಖ್ಯೆ ಹೇಳುವುದು ಎಲ್ಲಿ ನೋಡಬೇಕು ಎಂದು ಮಾತ್ರ. ಏನಾಗಿದೆ ಎಂದು ಕಣ್ಣಿಂದಲೇ ನೋಡಬೇಕು. ಭೇಟಿ ಹತ್ತಿಪ್ಪತ್ತೇ ಇದ್ದರೆ ಈ ಶೇಕಡಾ ಲೆಕ್ಕಕ್ಕೂ ಅರ್ಥವಿಲ್ಲ. ಇಬ್ಬರು ಆಚೀಚೆ ಆದರೂ ಅದು ಏರಿಳಿಯುತ್ತದೆ.

ಪಟ್ಟಿ ಸರಿಮಾಡಿ, ಅದರ ಕೆಳಗೇ ಫೋನ್ ನಂಬರ್ ಹಾಕಿದರು ಅನ್ನಿ. ಮುಂದಿನ ತಿಂಗಳು ಆ ಪುಟದ ನಿರ್ಗಮನ ದರ ಇಳಿಯುವ ಬದಲು ಏರಲೂಬಹುದು, ಏಕೆಂದರೆ ಜನ ಅಲ್ಲಿಂದಲೇ ಫೋನ್ ಮಾಡಿ ಹೊರಡುತ್ತಾರೆ. ಅದಕ್ಕೇ ನಂಬರಿನ ಮೇಲೆ ಎಷ್ಟು ಜನ ಒತ್ತಿದರು ಎಂಬುದನ್ನು ಬೇರೆಯಾಗಿ ಎಣಿಸುವ ವ್ಯವಸ್ಥೆ ಮಾಡಿಕೊಳ್ಳಬೇಕು.

‘ಪುಟದಲ್ಲಿ ಕಳೆದ ಸಮಯ: 0 ಸೆಕೆಂಡ್’ ಎಂಬುದೂ ಹಲವರನ್ನು ಹೆದರಿಸುತ್ತದೆ. ಹಳೆಯ ವಿಧಾನದಲ್ಲಿ ಒಂದು ಪುಟ ತೆರೆದ ಹೊತ್ತಿಗೂ ಮುಂದಿನ ಪುಟ ತೆರೆದ ಹೊತ್ತಿಗೂ ಇರುವ ಅಂತರವೇ ಸಮಯ. ಕೊನೆಯ ಪುಟಕ್ಕೆ ಮುಂದಿನದು ಇರುವುದೇ ಇಲ್ಲ. ಹಾಗಾಗಿ ಒಂದೇ ಪುಟವನ್ನು ಹತ್ತು ನಿಮಿಷ ಓದಿದವರದ್ದೂ ಸೊನ್ನೆ! ಗೂಗಲ್ ಅನಲಿಟಿಕ್ಸಿನ ಈಗಿನ ಆವೃತ್ತಿ ಪುಟ ಪರದೆಯ ಮೇಲೆ ಇದ್ದ ಹೊತ್ತನ್ನು ಅಳೆಯುತ್ತದೆ. 10 ಸೆಕೆಂಡಿಗಿಂತ ಹೆಚ್ಚು ಇದ್ದರೆ, ಅಥವಾ ಎರಡನೇ ಪುಟ ತೆರೆದರೆ, ಅದು ಗಮನವಿಟ್ಟ ಭೇಟಿ ಎಂದು ಎಣಿಸುತ್ತದೆ. ಹಳೆಯ ಅಂಕಿಯನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುತ್ತದೆ.

ಇನ್ನು ಫಾರ್ವರ್ಡ್ ಮಾಡುವ ನಮಗೆಲ್ಲ ಸಂಬಂಧಿಸಿದ ಮಾತು. ವಾಟ್ಸಾಪ್ ಲಿಂಕ್ ಒತ್ತಿ ಬಂದವರು ಎಲ್ಲಿಂದ ಬಂದರು ಎಂಬುದು ಬಹಳಷ್ಟು ಸಲ ತಿಳಿಯುವುದಿಲ್ಲ. ಅವರನ್ನೂ ವಿಳಾಸ ಟೈಪ್ ಮಾಡಿ ನೇರವಾಗಿ ಬಂದವರ ಗುಂಪಿಗೇ ಸೇರಿಸಲಾಗುತ್ತದೆ. ಅದಕ್ಕೇ ಕೆಲವರು ಲಿಂಕಿನ ಕೊನೆಗೆ ಹೀಗೊಂದು ಬಾಲ ಅಂಟಿಸುತ್ತಾರೆ:

```
?utm_source=whatsapp
```

ಎಲ್ಲರಿಗೂ ಇದೇ ಬಾಲ ಇರುವುದರಿಂದ ಇದರಿಂದ ನೀವು ಯಾರೆಂದು ಗೊತ್ತಾಗುವುದಿಲ್ಲ. ಅಳಿಸಿ ಕಳಿಸಿದರೂ ಪುಟ ತೆರೆಯುತ್ತದೆ. ಆದರೆ ಬಾಲದ ಸಮೇತ ಅದೇ ಲಿಂಕನ್ನು ನೀವು ಫೇಸ್‌ಬುಕ್ಕಿಗೆ ಹಾಕಿದರೆ, ಅಲ್ಲಿಂದ ಬಂದವರೂ ಪಾಪ, ವಾಟ್ಸಾಪಿನವರ ಲೆಕ್ಕಕ್ಕೇ ಸೇರುತ್ತಾರೆ.