ಸತ್ತವನು ಚೌಕಿಯಲ್ಲಿ ಚಹಾ ಕುಡಿಯುತ್ತಾನೆ

ನಮ್ಮ ಕಾನಸೂರಿನ ಕಡೆ ‘ಸತ್ಯ ಹರಿಶ್ಚಂದ್ರ’ ಆಟವಾದರೆ, ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಚಂದ್ರಮತಿ ಎತ್ತಿಕೊಳ್ಳುವ ಹೊತ್ತಿಗೆ ಅರ್ಧ ಸಭೆ ಕಣ್ಣೊರೆಸಿಕೊಳ್ಳುತ್ತಿರುತ್ತದೆ. ಚಂದ್ರಮತಿ ಸೀರೆಯುಟ್ಟ ಗಂಡಸು. ಲೋಹಿತಾಶ್ವ ಪಕ್ಕದೂರಿನ ಹುಡುಗ, ಇನ್ನು ಸ್ವಲ್ಪ ಹೊತ್ತಿಗೆ ಚೌಕಿಯಲ್ಲಿ ಚಹಾ ಕುಡಿಯುವವನು. ಕೊನೆಗೆ ಮಗ ಬದುಕಿ ಬರುತ್ತಾನೆಂಬುದೂ ಎಲ್ಲರಿಗೂ ಗೊತ್ತು. ಹಾಗಿದ್ದರೆ ಈ ಅಳು ಯಾರಿಗಾಗಿ? ಅಮ್ಮಮ್ಮನನ್ನು ಕೇಳಿದರೆ, ‘ಸುಳ್ಳು ಹೇಳಿ ಗೊತ್ತಿದ್ದು ತಮಾ, ಆದ್ರೂ ಅಳು ಬತ್ತು’ ಎನ್ನುತ್ತಾಳೆ.

ಬ್ರಿಟಿಷ್ ತತ್ತ್ವಜ್ಞಾನಿ ಕಾಲಿನ್ ರ‍್ಯಾಡ್‌ಫೋರ್ಡ್ 1975ರಲ್ಲಿ ಕೇಳಿದ್ದೂ ಇದನ್ನೇ. ಅವನು ಕೊಟ್ಟ ಉದಾಹರಣೆ ಹೀಗಿದೆ: ಒಬ್ಬ ತನ್ನ ತಂಗಿಯ ಘೋರ ಕಷ್ಟ ಹೇಳಿಕೊಳ್ಳುತ್ತಾನೆ, ನಿಮಗೆ ಸಂಕಟವಾಗುತ್ತದೆ. ಆಮೇಲೆ ‘ನನಗೆ ತಂಗಿಯೇ ಇಲ್ಲ’ ಅನ್ನುತ್ತಾನೆ. ತಕ್ಷಣ ಮರುಕ ಹೋಗಿ ಸಿಟ್ಟು ಬರುತ್ತದೆ. ಅಂದರೆ ಮರುಕಕ್ಕೆ ನಂಬಿಕೆ ಬೇಕು. ಆದರೆ ಕಾದಂಬರಿಯ ಅನ್ನಾ ಕರೆನಿನಾಳಿಗೆ ನಂಬಿಕೆಯಿಲ್ಲದೆಯೇ ಮರುಗುತ್ತೇವೆ. ನಮ್ಮ ಈ ನಡವಳಿಕೆಗೆ ತರ್ಕವೇ ಇಲ್ಲ ಎಂದುಬಿಟ್ಟ ಅವನು.

‘ಆಟ ನೋಡುವಾಗ ಸುಳ್ಳೆಂಬುದು ಮರೆತುಹೋಗುತ್ತದೆ’ ಎಂದು ನೀವು ಹೇಳಬಹುದು. ನಿಜಕ್ಕೂ ಮರೆತಿದ್ದರೆ, ಹಾವು ಕಚ್ಚಿದಾಗ ಸಭೆಯಲ್ಲಿ ಯಾರಾದರೊಬ್ಬರು ಎದ್ದು ಓಡಬೇಕಿತ್ತಲ್ಲ! ಯಾರೂ ಕೂತಲ್ಲಿಂದ ಏಳುವುದಿಲ್ಲ.

ಒಬ್ಬರು ಮಾತ್ರ ಏಳುತ್ತಾರೆ. ನಮ್ಮ ಕೇರಿಯ ಅತ್ತೆಯೊಬ್ಬರು ಮಗನನ್ನು ಕಳೆದುಕೊಂಡವರು. ಭಾಗವತರು ಆ ಪದ್ಯ ಎತ್ತಿಕೊಂಡರೆ ಸಾಕು, ಚಾಪೆ ಸುತ್ತಿ ಮನೆಗೆ ಹೊರಡುತ್ತಾರೆ. ಅವರಿಗೆ ಅದು ಲೋಹಿತಾಶ್ವನಲ್ಲ, ಅವರದೇ ಮಗ.

ಸಾವಿರ ವರ್ಷದ ಹಿಂದೆ ಕಾಶ್ಮೀರದ ಅಭಿನವಗುಪ್ತ ಇದನ್ನು ರಸಕ್ಕೆ ಬರುವ ವಿಘ್ನಗಳಲ್ಲೊಂದೆಂದು ಗುರುತಿಸಿದ್ದ: ಪ್ರೇಕ್ಷಕ ಸ್ವಂತ ಸುಖದುಃಖದಲ್ಲಿ ಮುಳುಗಿದರೆ ರಸ ಹುಟ್ಟುವುದಿಲ್ಲ. ಅವನಿಗಿಂತ ಮೊದಲೇ ಭಟ್ಟನಾಯಕ ‘ಸಾಧಾರಣೀಕರಣ’ ಎಂಬ ಮಾತು ತಂದಿದ್ದ. ವೇಷ, ಪದ್ಯ, ಚಂಡೆ, ಮದ್ದಲೆ ಸೇರಿ ಆ ದುಃಖವನ್ನು ಒಬ್ಬ ವ್ಯಕ್ತಿಯಿಂದ ಬಿಡಿಸುತ್ತವೆ. ಆಗ ಅದು ನನ್ನದೂ ಅಲ್ಲ, ಪಕ್ಕದವನದೂ ಅಲ್ಲ, ವೇಷಧಾರಿಯದೂ ಅಲ್ಲ. ಮಗ ಸತ್ತರೆ ತಾಯಿಗೆ ಹೇಗಿರುತ್ತದೆ ಎಂಬುದಷ್ಟೇ ಎದುರಿಗಿರುತ್ತದೆ.

ಇದನ್ನು ಹಿಡಿದು ನೋಡಿದರೆ ರ‍್ಯಾಡ್‌ಫೋರ್ಡ್‌ನ ಗಂಟು ನನಗೆ ಸ್ವಲ್ಪ ಸಡಿಲವಾಗುತ್ತದೆ. ತಂಗಿಯ ಕತೆ ಹೇಳಿದವನು ದುಃಖಕ್ಕೆ ಒಬ್ಬ ವಾರಸುದಾರಳನ್ನು ತೋರಿಸಿದ್ದ. ಅವಳೇ ಇಲ್ಲವೆಂದಾಗ ಮರುಕಕ್ಕೆ ಜಾಗವಿಲ್ಲದಾಯಿತು. ರಂಗಸ್ಥಳ ಅಂಥ ವಾರಸುದಾರರನ್ನು ತೋರಿಸುವುದೇ ಇಲ್ಲ, ಹಾಗಾಗಿ ಸುಳ್ಳು ಹೇಳಿದಂತೆಯೂ ಆಗುವುದಿಲ್ಲ.

ಗಂಟು ಪೂರ್ತಿ ಬಿಚ್ಚಿತೆನ್ನಲಾರೆ. ‘ಪಾಪ, ಚಂದ್ರಮತಿ’ ಎಂದು ಹೆಸರು ಹಿಡಿದೇ ನಿಟ್ಟುಸಿರುಬಿಡುತ್ತೇವಲ್ಲ? ಆದರೂ ಒಂದು ಮಾತು ಹೇಳಬಲ್ಲೆ. ಅಳುತ್ತ ಕೂತವರು ಮೋಸಹೋದವರಲ್ಲ. ಆಟ ನಿಜವಾಗಿ ಕಂಡದ್ದು ಎದ್ದುಹೋದ ಅತ್ತೆಗೆ. ಸುಳ್ಳೆಂದು ಗೊತ್ತಿದ್ದದ್ದರಿಂದಲೇ ಉಳಿದವರಿಗೆ ಕೊನೆಯವರೆಗೆ ಕೂತು ಅಳಲು ಸಾಧ್ಯವಾಯಿತು.